ಎರಡನೇ ಚಾನೆಲ್ ಯಾವಾಗ ಬೇಕು?

ಮಲೆನಾಡಿನ ಅಡುಗೆಗೆಂದೇ ಮೀಸಲಾದ ಒಂದು ಯೂಟ್ಯೂಬ್ ಚಾನೆಲ್ ಇದೆ ಎಂದುಕೊಳ್ಳಿ. ಅದನ್ನು ನಡೆಸುವವರು ಮನೆಯಲ್ಲೇ ಅಡುಗೆ ಮಾಡಿ, ಮನೆಯಲ್ಲೇ ಚಿತ್ರೀಕರಿಸುವ ಮಹಿಳೆ. ನಲವತ್ತು ಸಾವಿರ ಸಬ್‌ಸ್ಕ್ರೈಬರ್‌ಗಳಿದ್ದಾರೆ. ವಾರಕ್ಕೆ ಎರಡು ವಿಡಿಯೊ ಬರುತ್ತದೆ, ಒಂದೊಂದನ್ನೂ ತಿಂಗಳಲ್ಲಿ ಒಂಬತ್ತು ಸಾವಿರ ಸಲ ನೋಡುತ್ತಾರೆ. ಜಾಹೀರಾತಿನ ಹಣವೂ ಬರತೊಡಗಿದೆ. ಈಗ ಅವರಿಗೆ ಮೂರು ಹೊಸ ಆಸೆಗಳು ಹುಟ್ಟಿವೆ. ಹಿತ್ತಲಲ್ಲಿ ತರಕಾರಿ ಬೆಳೆಯುವುದನ್ನು ತೋರಿಸಬೇಕು. ಮೊಮ್ಮಕ್ಕಳಿಗೆ ಹೇಳುವ ಕಥೆಗಳನ್ನು ಎಲ್ಲ ಮಕ್ಕಳಿಗೂ ಹೇಳಬೇಕು. ಕನ್ನಡ ಬಾರದವರಿಗೂ ಈ ಅಡುಗೆ ತಲುಪುವಂತೆ ಇಂಗ್ಲಿಷಿನಲ್ಲೂ ಮಾಡಬೇಕು. ಮೂರನ್ನೂ ಇದ್ದ ಚಾನೆಲ್‌ನಲ್ಲೇ ಹಾಕುವುದೋ, ಒಂದೊಂದಕ್ಕೂ ಹೊಸದನ್ನು ತೆರೆಯುವುದೋ?

ಈ ಚಾನೆಲ್ಲೂ ಇದರ ಅಂಕಿಗಳೂ ವಿವರಣೆಗೆಂದು ನಾನು ಕಟ್ಟಿಕೊಂಡವು. ಆದರೆ ಪ್ರಶ್ನೆ ಕನ್ನಡದಲ್ಲಿ ವಿಡಿಯೊ ಮಾಡುವ ಬಹಳಷ್ಟು ಜನರದ್ದು. ಹೆಚ್ಚಿನವರು ಇದನ್ನು ವಿಷಯದ ಲೆಕ್ಕದಲ್ಲಿ ಬಿಡಿಸಲು ಹೋಗುತ್ತಾರೆ: ಅಡುಗೆ ಬೇರೆ, ತೋಟ ಬೇರೆ, ಹಾಗಾಗಿ ಚಾನೆಲ್ಲೂ ಬೇರೆ. ಈ ಲೆಕ್ಕ ತಪ್ಪು ಎಂಬುದೇ ನನ್ನ ವಾದ. ಚಾನೆಲ್ ಕಟ್ಟುವುದು ವಿಷಯದ ಸುತ್ತ ಅಲ್ಲ, ನೋಡುಗರ ಸುತ್ತ. ಒಂದೇ ವಿಷಯಕ್ಕೆ ಎರಡು ಬಗೆಯ ನೋಡುಗರು ಇರಬಹುದು, ಎರಡು ವಿಷಯಗಳನ್ನು ಒಬ್ಬರೇ ಪ್ರೀತಿಯಿಂದ ನೋಡಬಹುದು.

ವಿಷಯ ಹತ್ತಿರ, ನೋಡುಗರು ದೂರ

ಇದಕ್ಕೆ ಒಳ್ಳೆಯ ನಿದರ್ಶನ ಬ್ರಾಡಿ ಹಾರನ್. ಆಸ್ಟ್ರೇಲಿಯಾ ಮೂಲದ ಈ ಪತ್ರಕರ್ತ 2008ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರ ಜೊತೆ ‘ಪೀರಿಯಾಡಿಕ್ ವಿಡಿಯೋಸ್’ ಶುರುಮಾಡಿದರು. ಒಂದೊಂದು ಮೂಲಧಾತುವಿಗೆ ಒಂದೊಂದು ವಿಡಿಯೊ. ಮರುವರ್ಷ ಭೌತಶಾಸ್ತ್ರಕ್ಕೆ ‘ಸಿಕ್ಸ್ಟಿ ಸಿಂಬಲ್ಸ್’ ಬಂತು, 2011ರಲ್ಲಿ ಗಣಿತಕ್ಕೆ ‘ನಂಬರ್‌ಫೈಲ್’, 2013ರಲ್ಲಿ ‘ಕಂಪ್ಯೂಟರ್‌ಫೈಲ್’. ಎಲ್ಲವೂ ವಿಜ್ಞಾನವೇ, ಹೆಚ್ಚಿನವುಗಳಲ್ಲಿ ಪ್ರಶ್ನೆ ಕೇಳುವ ದನಿಯೂ ಒಂದೇ. ‘ವಿಜ್ಞಾನ’ ಎಂಬ ಒಂದು ಹೆಸರಿನಡಿ ಎಲ್ಲವನ್ನೂ ಹಾಕಬಹುದಿತ್ತು. ಆದರೆ ಅವಿಭಾಜ್ಯ ಸಂಖ್ಯೆಗಳ ಒಗಟಿಗೆ ಮನಸೋತವರು ಸೀಸಿಯೊಳಗೆ ಸೀಸಿಯಂ ಸಿಡಿಯುವುದನ್ನು ನೋಡಲು ಕಾದಿರುತ್ತಾರೆ ಎಂದೇನಿಲ್ಲ. ಮುಂದೆ ಹಾರನ್ ‘ನಂಬರ್‌ಫೈಲ್ 2’ ಎಂದು ಮತ್ತೊಂದನ್ನೂ ತೆರೆದರು. ಅಲ್ಲಿ ವಿಷಯ ಅದೇ ಗಣಿತ, ಆಳ ಬೇರೆ. ಮುಖ್ಯ ವಿಡಿಯೊದಲ್ಲಿ ಹಿಡಿಸದ ಹೆಚ್ಚಿನ ಮಾತು, ಉದ್ದನೆಯ ಸಾಧನೆ ಇಂಥವು ಅಲ್ಲಿ ಸಿಗುತ್ತವೆ. ಇನ್ನಷ್ಟು ಬೇಕು ಎನ್ನುವವರು ಅಲ್ಲಿಗೆ ಹೋಗುತ್ತಾರೆ, ಉಳಿದವರಿಗೆ ಅದು ಭಾರವಾಗುವುದಿಲ್ಲ.

ಅಮೆರಿಕದ ಜಾನ್ ಗ್ರೀನ್, ಹ್ಯಾಂಕ್ ಗ್ರೀನ್ ಸೋದರರದ್ದು ಇನ್ನೊಂದು ಬಗೆ. 2007ರಿಂದ ಇಬ್ಬರೂ ಒಬ್ಬರಿಗೊಬ್ಬರು ವಿಡಿಯೊ ಪತ್ರ ಬರೆಯುವ ‘ವ್ಲಾಗ್‌ಬ್ರದರ್ಸ್’ ನಡೆಸುತ್ತಿದ್ದರು. 2012ರಲ್ಲಿ ಜಾನ್ ವಿಶ್ವ ಇತಿಹಾಸವನ್ನೂ ಹ್ಯಾಂಕ್ ಜೀವವಿಜ್ಞಾನವನ್ನೂ ಕಲಿಸುವ ‘ಕ್ರ್ಯಾಶ್ ಕೋರ್ಸ್’ ಬಂದಾಗ ಅದನ್ನು ಬೇರೆ ಚಾನೆಲ್ಲಾಗಿಯೇ ಇಟ್ಟರು. ಮುಖಗಳು ಅವೇ. ಬಂದು ಕೂರುವವರು ಮಾತ್ರ ಪರೀಕ್ಷೆಗೆ ಓದುವ ವಿದ್ಯಾರ್ಥಿ, ತರಗತಿಯಲ್ಲಿ ಪರದೆ ಇಳಿಸಿ ತೋರಿಸುವ ಮೇಷ್ಟ್ರು. ಅವರಿಗೆ ಬೇಕಾದದ್ದು ಪಾಠಗಳ ಸಾಲು. ಸೋದರರ ಮನೆಯ ಸುದ್ದಿ ಅಲ್ಲ.

ಯೂಟ್ಯೂಬ್ ಸಂಸ್ಥೆಯೂ ರಚನೆಕಾರರಿಗೆ ಹೇಳುತ್ತ ಬಂದಿರುವುದು ಇದನ್ನೇ. ಅದರ ಶಿಫಾರಸು ವ್ಯವಸ್ಥೆ ಚಾನೆಲ್‌ಗೆ ಅಂಕ ಕೊಟ್ಟು ಮೇಲೆತ್ತುವುದೋ ಕೆಳಗಿಳಿಸುವುದೋ ಮಾಡುವುದಿಲ್ಲ. ಈ ನೋಡುಗರಿಗೆ ಈಗ ಯಾವ ವಿಡಿಯೊ ಹಿಡಿಸೀತು ಎಂದು ಒಬ್ಬೊಬ್ಬರ ಲೆಕ್ಕದಲ್ಲಿ ಹುಡುಕುತ್ತದೆ. ಆದ್ದರಿಂದ ತೋಟದ ವಿಡಿಯೊವೊಂದು ನೆಲಕಚ್ಚಿದರೆ ಇಡೀ ಅಡುಗೆ ಚಾನೆಲ್ ಶಿಕ್ಷೆಗೆ ಗುರಿಯಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ಸಾರಿಗಾಗಿ ಬಂದವರಿಗೆ ಮತ್ತೆ ಮತ್ತೆ ಗೊಬ್ಬರವೇ ಎದುರಾದರೆ, ಆ ಹೆಸರು ಕಂಡಾಗ ಕೈ ತಾನಾಗಿಯೇ ಮುಂದಕ್ಕೆ ಜಾರುತ್ತದೆ. ಹಾಗೆ ಜಾರುವುದು ರೂಢಿಯಾದ ಮೇಲೆ ಒಳ್ಳೆಯ ಸಾರಿನ ವಿಡಿಯೊ ಬಂದರೂ ಅವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ.

ಮೊದಲು ಹಳೆಯದರಲ್ಲೇ ಪರೀಕ್ಷೆ

ನೋಡುಗರು ಒಬ್ಬರೇ ಹೌದೋ ಅಲ್ಲವೋ ಎಂಬುದನ್ನು ಊಹಿಸಬೇಕಿಲ್ಲ, ತಿಳಿದುಕೊಳ್ಳಬಹುದು. ಹೊಸ ವಿಷಯವನ್ನು ಹಳೆಯ ಚಾನೆಲ್‌ನಲ್ಲೇ ಕೆಲವು ವಾರ ಹಾಕಿ ನೋಡುವುದೇ ದಾರಿ. ಒಂದೇ ವಿಡಿಯೊ ಹಾಕಿ ತೀರ್ಮಾನಕ್ಕೆ ಬರಬಾರದು. ಒಂದು ಥಂಬ್‌ನೇಲ್ ಚೆನ್ನಾಗಿದ್ದರೆ, ಅಥವಾ ಹಬ್ಬದ ದಿನ ಬಿದ್ದರೆ, ಅಂಕಿ ಹಾದಿ ತಪ್ಪಿಸುತ್ತದೆ. ನಮ್ಮ ಅಡುಗೆಯವರು ಎಂಟು ವಾರದಲ್ಲಿ ಬರುವ ಹದಿನಾರು ವಿಡಿಯೊಗಳಲ್ಲಿ ನಾಲ್ಕನ್ನು ತೋಟಕ್ಕೆ ಕೊಡಲಿ. ಹನ್ನೆರಡು ಅಡುಗೆಯೇ ಆಗಿರುವುದರಿಂದ ಹಳಬರಿಗೆ ಕಿರಿಕಿರಿ ಆಗದು.

ಆ ನಾಲ್ಕು ಹೀಗಿವೆ ಎನ್ನೋಣ. ಮೊದಲನೆಯದು, ಕುಂಡದಲ್ಲಿ ಹರಿವೆ ಬಿತ್ತುವುದರಿಂದ ಹಿಡಿದು ಅದರ ಸಾರಿನವರೆಗೆ. ಎರಡನೆಯದು, ಬಸಳೆ ಚಪ್ಪರ ಹಾಕುವುದು, ಕೊನೆಗೆ ಬಸಳೆ ಹುಳಿ. ಮೂರನೆಯದು, ತಾರಸಿಯ ಗ್ರೋಬ್ಯಾಗ್‌ಗೆ ಮಣ್ಣು, ಕೋಕೋಪೀಟ್, ಎರೆಗೊಬ್ಬರ ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬುದು. ನಾಲ್ಕನೆಯದು, ದಾಸವಾಳಕ್ಕೆ ಬಿದ್ದ ಹಿಟ್ಟು ತಿಗಣೆಯನ್ನು ಬೇವಿನೆಣ್ಣೆ, ಸೋಪಿನ ನೀರಿನಿಂದ ಓಡಿಸುವುದು.

ಇಪ್ಪತ್ತೆಂಟು ದಿನಗಳ ನಂತರ ಹರಿವೆಗೆ 8,200 ವೀಕ್ಷಣೆ, ಬಸಳೆಗೆ 9,600, ಮಣ್ಣಿನ ಮಿಶ್ರಣಕ್ಕೆ 4,000, ಹಿಟ್ಟು ತಿಗಣೆಗೆ 11,000. ಇಷ್ಟನ್ನೇ ನೋಡಿದವರು ಹಿಟ್ಟು ತಿಗಣೆಯ ವಿಡಿಯೊ ಗೆದ್ದಿತು, ತೋಟ ನಮ್ಮ ಚಾನೆಲ್‌ಗೆ ಹೊಂದಿತು, ಇನ್ನು ಕೀಟಗಳ ಮೇಲೆ ಇನ್ನಷ್ಟು ಮಾಡೋಣ ಎಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ. ಎಷ್ಟು ಜನ ನೋಡಿದರು ಎಂಬುದಕ್ಕಿಂತ ಯಾರು ನೋಡಿದರು, ಎಲ್ಲಿಂದ ಬಂದರು, ನೋಡಿದ ಮೇಲೆ ಎಲ್ಲಿಗೆ ಹೋದರು ಎಂಬುದೇ ಇಲ್ಲಿ ಮುಖ್ಯ.

ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಅಡ್ವಾನ್ಸ್ಡ್ ಮೋಡ್‌ಗೆ ಹೋದರೆ ವಿಡಿಯೊಗಳನ್ನು ಗುಂಪು ಕಟ್ಟಬಹುದು. ತೋಟದ ನಾಲ್ಕನ್ನು ಒಂದು ಗುಂಪು ಮಾಡಿ, ಅದೇ ಅವಧಿಯ ಹನ್ನೆರಡು ಅಡುಗೆ ವಿಡಿಯೊಗಳನ್ನು ಇನ್ನೊಂದು ಗುಂಪು ಮಾಡಿ ಪಕ್ಕಪಕ್ಕ ಇಟ್ಟು ನೋಡಬೇಕು. ಆಮೇಲೆ ನಾಲ್ಕನ್ನೂ ಬಿಡಿಬಿಡಿಯಾಗಿ ತೆರೆಯಬೇಕು.

ಮೊದಲು ಕೇಳಬೇಕಾದದ್ದು, ನೋಡಿದವರಲ್ಲಿ ಹೊಸಬರೆಷ್ಟು, ಮರಳಿ ಬಂದವರೆಷ್ಟು ಎಂದು. ಹರಿವೆ, ಬಸಳೆಯ ವಿಡಿಯೊಗಳಲ್ಲಿ ಮರಳಿ ಬಂದವರ ಪಾಲು ಅಡುಗೆ ವಿಡಿಯೊಗಳಷ್ಟೇ ಇದೆ. ಹಿಟ್ಟು ತಿಗಣೆಯಲ್ಲಿ ಬಹುತೇಕ ಎಲ್ಲರೂ ಹೊಸಬರು.

ಎರಡನೆಯದು, ಅವರು ಬಂದ ದಾರಿ. ‘ಟ್ರಾಫಿಕ್ ಸೋರ್ಸ್’ ಪಟ್ಟಿಯಲ್ಲಿ ‘ಸಜೆಸ್ಟೆಡ್ ವಿಡಿಯೋಸ್’ ಒತ್ತಿದರೆ, ಯಾವ ವಿಡಿಯೊ ನೋಡುತ್ತಿದ್ದವರು ಇದಕ್ಕೆ ಬಂದರು ಎಂಬುದು ಹೆಸರು ಸಮೇತ ಕಾಣುತ್ತದೆ. ಬಸಳೆಗೆ ಜನ ಬಂದದ್ದು ಇದೇ ಚಾನೆಲ್‌ನ ಸೊಪ್ಪಿನ ಸಾರು, ತಂಬುಳಿ ವಿಡಿಯೊಗಳಿಂದ. ಹಿಟ್ಟು ತಿಗಣೆಗೆ ಬಂದದ್ದು ಹುಡುಕಾಟದಿಂದ ಮತ್ತು ಬೇರೆಯವರ ತೋಟಗಾರಿಕೆ ವಿಡಿಯೊಗಳಿಂದ.

ಮೂರನೆಯದು, ನೋಡಿದ ಮೇಲಿನ ಹೆಜ್ಜೆ. ನಾಲ್ಕೂ ವಿಡಿಯೊಗಳ ಎಂಡ್‌ಸ್ಕ್ರೀನ್‌ನಲ್ಲಿ ಒಂದು ಅಡುಗೆ ವಿಡಿಯೊ ಇಟ್ಟಿದ್ದರೆ, ಅದನ್ನು ಒತ್ತಿದವರ ಶೇಕಡಾವಾರು ಸ್ಟುಡಿಯೊದಲ್ಲಿ ಸಿಗುತ್ತದೆ. ಬಸಳೆ ನೋಡಿದವರು ಒತ್ತಿದ್ದಾರೆ. ದಾಸವಾಳದ ರೋಗಕ್ಕೆ ಮದ್ದು ಹುಡುಕಿ ಬಂದವರು ಮದ್ದು ಸಿಕ್ಕಿದ ಮೇಲೆ ಹೊರಟುಹೋಗಿದ್ದಾರೆ. ಒಂದೊಂದು ವಿಡಿಯೊದಿಂದ ಎಷ್ಟು ಸಬ್‌ಸ್ಕ್ರೈಬರ್‌ಗಳು ಸೇರಿದರು, ಎಷ್ಟು ಜನ ಬಿಟ್ಟರು ಎಂಬ ಲೆಕ್ಕವನ್ನೂ ಇದರ ಜೊತೆಗಿಟ್ಟು ಓದಬೇಕು.

ಈ ಪರೀಕ್ಷೆ ಕಲಿಸುವ ದೊಡ್ಡ ಸಂಗತಿ ಎಂದರೆ, ‘ತೋಟ’ ಎಂಬುದು ಒಂದೇ ವಿಷಯ ಅಲ್ಲ. ಗಡಿ ಅಡುಗೆ ಮತ್ತು ತೋಟದ ನಡುವೆ ಇಲ್ಲ, ತೋಟದ ಒಳಗೇ ಹಾದುಹೋಗಿದೆ. ಬೆಳೆದು ಬೇಯಿಸುವ ತೋಟ ಅಡುಗೆ ಚಾನೆಲ್‌ನದ್ದೇ. ಮಣ್ಣು, ಕೀಟ, ಗೊಬ್ಬರದ ತೋಟ ಇನ್ನೊಬ್ಬರದ್ದು. ಎಲ್ಲವನ್ನೂ ಒಂದು ಹೆಸರಿನಡಿ ಕಟ್ಟಿ ಹೊಸ ಚಾನೆಲ್‌ಗೆ ಸಾಗಿಸಿದ್ದರೆ, ಹಳೆಯ ಮನೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಬಸಳೆಯೂ ಅಲ್ಲಿ ಸೊನ್ನೆಯಿಂದ ಶುರುವಾಗುತ್ತಿತ್ತು.

ಕನ್ನಡದಲ್ಲಿ ಈ ನೋಡುಗರ ಹೊಂದಿಕೆ ಇನ್ನಷ್ಟು ಗಟ್ಟಿಯಾಗಿರುವ ಸಾಧ್ಯತೆಯಿದೆ. ಹಿತ್ತಲ ಸೊಪ್ಪು ಕಿತ್ತು ಅದೇ ಮಧ್ಯಾಹ್ನ ತಂಬುಳಿ ಮಾಡುವವರಿಗೆ ತೋಟ, ಅಡುಗೆ ಎಂಬ ಎರಡು ಕಪಾಟುಗಳಿಲ್ಲ. ಬೇಸಿಗೆಯ ನಾಲ್ಕು ತಿಂಗಳಲ್ಲಿ ಕುಂಡದಲ್ಲಿ ಬಸಳೆ ಹಬ್ಬಿಸಿಕೊಳ್ಳುವ ಅಮೆರಿಕದ ಕನ್ನಡಿಗರಿಗೂ ಅಷ್ಟೇ, ಊರಿನ ಅಡುಗೆ ಬೇಕೆಂದೇ ಅವರು ಬಳ್ಳಿ ಬೆಳೆಯುವುದು.

ಸೊನ್ನೆಯಿಂದ ಶುರು ಎಂದರೆ ಎಷ್ಟು?

ಮಣ್ಣು, ಕೀಟದ ವಿಡಿಯೊಗಳಿಗೆ ನೋಡುಗರು ಬೇರೆ ಎಂದು ಗೊತ್ತಾಯಿತು. ಹಾಗಿದ್ದರೆ ಅದಕ್ಕೆ ಇಂದೇ ಚಾನೆಲ್ ತೆರೆಯಬೇಕೇ? ಇದಕ್ಕೆ ಉತ್ತರ ಕೊಡುವ ಮೊದಲು ಖರ್ಚಿನ ಲೆಕ್ಕ ಹಾಕಬೇಕು. ಚಾನೆಲ್ ತೆರೆಯಲು ಐದು ನಿಮಿಷ ಸಾಕು, ಒಂದೇ ಗೂಗಲ್ ಖಾತೆಯಲ್ಲಿ ಹಲವು ಚಾನೆಲ್‌ಗಳನ್ನು ಇಟ್ಟುಕೊಳ್ಳಬಹುದು, ಹಣ ಬರುವ ಆಡ್‌ಸೆನ್ಸ್ ಖಾತೆಯೂ ಒಂದೇ ಇದ್ದರೆ ಸಾಕು. ಆದರೆ ಜಾಹೀರಾತಿನ ಪಾಲು ಪಡೆಯುವ ಅರ್ಹತೆಯನ್ನು ಒಂದೊಂದು ಚಾನೆಲ್ಲೂ ತಾನೇ ಗಳಿಸಬೇಕು. ಉದ್ದನೆಯ ವಿಡಿಯೊ ಮಾಡುವವರಿಗೆ 1,000 ಸಬ್‌ಸ್ಕ್ರೈಬರ್‌ಗಳು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ಸಾರ್ವಜನಿಕ ವೀಕ್ಷಣೆ ಬೇಕು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಈ ಗಂಟೆಗಳಿಗೆ ಸೇರುವುದಿಲ್ಲ.

4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬರು ಸರಾಸರಿ ನಾಲ್ಕು ನಿಮಿಷ ನೋಡಿದರೆ ವರ್ಷಕ್ಕೆ 60,000 ವೀಕ್ಷಣೆ ಬೇಕು. ಹಿಟ್ಟು ತಿಗಣೆಯಂಥ ಅದೃಷ್ಟ ಎಲ್ಲದಕ್ಕೂ ಇರದು. ಹೊಸ ಚಾನೆಲ್‌ನಲ್ಲಿ ಒಂದು ವಿಡಿಯೊಗೆ ವರ್ಷದಲ್ಲಿ ಮೂರು ಸಾವಿರ ಎಂದು ಹಿಡಿದರೆ ಇಪ್ಪತ್ತು ವಿಡಿಯೊ ಬೇಕಾಗುತ್ತದೆ. ಕೊನೆಯಲ್ಲಿ ಹಾಕಿದವುಗಳಿಗೆ ಪೂರ್ತಿ ವರ್ಷ ಸಿಗದ ಕಾರಣ ಇಪ್ಪತ್ತಾರು ಎನ್ನೋಣ, ಅಂದರೆ ಹದಿನೈದು ದಿನಕ್ಕೊಂದು. ಅಸಾಧ್ಯವೇನಲ್ಲ.

ಈಗ ಆ ಸಮಯ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಚಿತ್ರೀಕರಣ, ಸಂಕಲನ, ಥಂಬ್‌ನೇಲ್, ಕಮೆಂಟ್‌ಗಳಿಗೆ ಉತ್ತರ ಸೇರಿ ಒಂದು ವಿಡಿಯೊಗೆ ಹನ್ನೆರಡು ಗಂಟೆ ಹಿಡಿದರೆ ಇಪ್ಪತ್ತಾರಕ್ಕೆ 312 ಗಂಟೆ. ಕೈಗಳು ಎರಡೇ ಇದ್ದರೆ ಇಷ್ಟೂ ಅಡುಗೆಯಿಂದ ಕಿತ್ತದ್ದೇ. ವರ್ಷಕ್ಕೆ 104 ಅಡುಗೆ ವಿಡಿಯೊಗಳ ಜಾಗದಲ್ಲಿ 78 ಬರುತ್ತವೆ. ಕೈಬಿಟ್ಟ ಇಪ್ಪತ್ತಾರು ವಿಡಿಯೊಗಳಿಗೆ ಒಂಬತ್ತು ಸಾವಿರದಂತೆ 2,34,000 ವೀಕ್ಷಣೆಗಳು ಹೋದವು. ಅವು ಹಣ ತರುತ್ತಿದ್ದ ವೀಕ್ಷಣೆಗಳು. ಅವುಗಳನ್ನು ಬಿಟ್ಟುಕೊಟ್ಟು ಒಂದು ವರ್ಷ ಏನೂ ತರದ ಅರವತ್ತು ಸಾವಿರವನ್ನು ಕೊಂಡಂತಾಯಿತು. ಹಾಗೆಂದು ಎರಡನೆಯದನ್ನು ತೆರೆದು ಸುಮ್ಮನೆ ಬಿಡುವಂತೆಯೂ ಇಲ್ಲ: ಆರು ತಿಂಗಳು ವಿಡಿಯೊವನ್ನಾಗಲಿ ಪೋಸ್ಟನ್ನಾಗಲಿ ಹಾಕದ ಚಾನೆಲ್‌ನ ಗಳಿಕೆಯನ್ನು ನಿಲ್ಲಿಸುವ ಹಕ್ಕನ್ನು ಯೂಟ್ಯೂಬ್ ಇಟ್ಟುಕೊಂಡಿದೆ.

ತಪ್ಪಿದ ಮೇಲೆ ಸರಿಪಡಿಸುವುದೂ ಸುಲಭವಲ್ಲ. ಎರಡು ಚಾನೆಲ್‌ಗಳನ್ನು ಕೂಡಿಸಿ ಒಂದು ಮಾಡುವ ಸೌಲಭ್ಯ ಇಲ್ಲ. ವಿಡಿಯೊವನ್ನು ವೀಕ್ಷಣೆ, ಕಮೆಂಟ್ ಸಮೇತ ಒಂದರಿಂದ ಇನ್ನೊಂದಕ್ಕೆ ಎತ್ತಿಡಲೂ ಆಗುವುದಿಲ್ಲ, ಮತ್ತೆ ಅಪ್‌ಲೋಡ್ ಮಾಡಿದರೆ ಅದು ಹೊಸ ವಿಡಿಯೊ. ಹಾಗಾಗಿ ಮುಂದೆ ಬೇರೆ ಚಾನೆಲ್ ತೆರೆದರೂ ಪರೀಕ್ಷೆಯ ನಾಲ್ಕು ವಿಡಿಯೊಗಳನ್ನು ಅಳಿಸದೆ ಇದ್ದಲ್ಲೇ ಬಿಟ್ಟು, ಅವುಗಳ ವಿವರಣೆಯಲ್ಲೂ ಮೊದಲ ಕಮೆಂಟ್‌ನಲ್ಲೂ ಹೊಸ ಚಾನೆಲ್‌ನ ಕೊಂಡಿ ಕೊಡುವುದೇ ಸರಿ.

ನನ್ನ ತೀರ್ಪು ಹೀಗಿದೆ. ಬೇರೆ ನೋಡುಗರು ಇದ್ದಾರೆ ಎಂಬುದೊಂದೇ ಸಾಲದು, ಬೇರೆ ಕೈಗಳೂ ಇರಬೇಕು. ಮನೆಯಲ್ಲಿ ತೋಟ ನೋಡಿಕೊಳ್ಳುವ ಪತಿಯೋ ಮಗಳೋ ಕ್ಯಾಮೆರಾ ಮುಂದೆ ನಿಂತು ಹದಿನೈದು ದಿನಕ್ಕೊಂದು ವಿಡಿಯೊ ಮಾಡಲು ಸಿದ್ಧರಿದ್ದರೆ ಕೀಟ, ಮಣ್ಣಿನ ಚಾನೆಲ್ ತೆರೆಯಲಿ. ಇಲ್ಲದಿದ್ದರೆ ಅಂಥದ್ದನ್ನು ಅಪರೂಪಕ್ಕೊಮ್ಮೆ ಇದ್ದಲ್ಲೇ ಹಾಕಲಿ. ಹಾಗೆ ಹಾಕುವಾಗ ಅಪ್‌ಲೋಡ್ ಪುಟದಲ್ಲಿ ಸಬ್‌ಸ್ಕ್ರಿಪ್ಷನ್ ಫೀಡ್‌ಗೆ ಕಳಿಸಿ ಸಬ್‌ಸ್ಕ್ರೈಬರ್‌ಗಳಿಗೆ ತಿಳಿಸುವ ಗುರುತನ್ನು ತೆಗೆದರೆ, ಗಂಟೆ ಒತ್ತಿದ ಅಡುಗೆಯ ಅಭಿಮಾನಿಗಳಿಗೆ ಅದರ ಸದ್ದು ಕೇಳುವುದಿಲ್ಲ. ಹುಡುಕಿಕೊಂಡು ಬರುವವರಿಗೆ ವಿಡಿಯೊ ಸಿಕ್ಕೇ ಸಿಗುತ್ತದೆ. ತೋಟದ ಎಲ್ಲ ವಿಡಿಯೊಗಳನ್ನು ಒಂದು ಪ್ಲೇಲಿಸ್ಟ್ ಮಾಡಿ ಚಾನೆಲ್‌ನ ಮುಖಪುಟದಲ್ಲಿ ಬೇರೆಯೇ ಸಾಲಾಗಿ ಇಡಬಹುದು, ಥಂಬ್‌ನೇಲ್‌ಗಳಿಗೆ ಒಂದೇ ಹಸಿರು ಪಟ್ಟಿ ಕೊಡಬಹುದು. ಬೇಡದವರು ದೂರದಿಂದಲೇ ಗುರುತಿಸಿ ಬಿಡುತ್ತಾರೆ.

ಪರೀಕ್ಷೆಯೇ ಬೇಡದ ಎರಡು ಸಂದರ್ಭ

ಮಕ್ಕಳ ಕಥೆಗಳಿಗೆ ಎಂಟು ವಾರ ಕಾಯಬೇಕಿಲ್ಲ, ಮೊದಲ ದಿನವೇ ಬೇರೆ ಚಾನೆಲ್. ಮಕ್ಕಳ ಖಾಸಗಿತನ ಕಾಯುವ ಅಮೆರಿಕದ ಕಾನೂನಿನಿಂದಾಗಿ 2020ರ ಜನವರಿಯಿಂದ ವಿಡಿಯೊ ಹಾಕುವ ಪ್ರತಿಯೊಬ್ಬರೂ ಅದು ಮಕ್ಕಳಿಗಾಗಿ ಮಾಡಿದ್ದೇ ಅಲ್ಲವೇ ಎಂದು ಯೂಟ್ಯೂಬ್‌ಗೆ ಹೇಳಲೇಬೇಕು. ಎಲ್ಲ ದೇಶದವರಿಗೂ ಇದು ಅನ್ವಯಿಸುತ್ತದೆ. ಮಕ್ಕಳಿಗಾಗಿ ಎಂದ ವಿಡಿಯೊದಲ್ಲಿ ಕಮೆಂಟ್ ಇರುವುದಿಲ್ಲ, ಎಂಡ್‌ಸ್ಕ್ರೀನ್ ಇರುವುದಿಲ್ಲ, ನೋಡುಗರ ಅಭಿರುಚಿ ಆಧರಿಸಿದ ಜಾಹೀರಾತು ಬರುವುದಿಲ್ಲ. ವಿಡಿಯೊ ಒಂದೊಂದಕ್ಕೇ ಈ ಗುರುತು ಹಾಕಬಹುದಾದರೂ, ಕಮೆಂಟ್‌ನಲ್ಲಿ ಅಳತೆ ಕೇಳಿ ಮಾತಾಡುವ ಅಡುಗೆ ಚಾನೆಲ್‌ನ ನಡುವೆ ಇಂಥ ವಿಡಿಯೊಗಳು ಬಾಯಿ ಮುಚ್ಚಿಕೊಂಡು ಕೂರುತ್ತವೆ. ಪ್ರತಿ ಸಲ ಗುರುತು ಹಾಕುವಾಗ ತಪ್ಪಿದರೆ ನಿಯಮ ಮೀರಿದಂತೆಯೂ ಆಗುತ್ತದೆ. ಮೇಲಾಗಿ ಕಥೆ ಕೇಳುವ ಮಗುವಿಗೂ ಸಾರು ಮಾಡುವ ತಾಯಿಗೂ ಫೋನ್ ಒಂದೇ ಇರಬಹುದು, ನೋಡುವ ಹೊತ್ತು, ನೋಡುವ ಕಾರಣ ಎರಡೂ ಬೇರೆ. ಇಡೀ ಚಾನೆಲ್ಲನ್ನೇ ಮಕ್ಕಳಿಗಾಗಿ ಎಂದು ಒಮ್ಮೆ ಗುರುತಿಸಿಟ್ಟರೆ ಗೊಂದಲವೇ ಉಳಿಯದು.

ಇಂಗ್ಲಿಷಿನ ಆಸೆಗೆ ಉತ್ತರ ಇದರ ತಿರುಗುಮುರುಗು. ಬೇರೆ ಭಾಷೆಗೆ ಬೇರೆ ಚಾನೆಲ್ ಎಂಬುದು ಬಹುಕಾಲದ ರೂಢಿ. ಜಗತ್ತಿನಲ್ಲೇ ಅತಿ ಹೆಚ್ಚು ಸಬ್‌ಸ್ಕ್ರೈಬರ್‌ಗಳಿರುವ ‘ಮಿಸ್ಟರ್ ಬೀಸ್ಟ್’ ಕೂಡ ಸ್ಪ್ಯಾನಿಷ್ ಮೊದಲಾದ ಭಾಷೆಗಳಿಗೆ ಬೇರೆ ಬೇರೆ ಚಾನೆಲ್ ನಡೆಸುತ್ತಿದ್ದರು. ಒಂದೇ ವಿಡಿಯೊಗೆ ಹಲವು ಭಾಷೆಯ ಧ್ವನಿ ಸೇರಿಸುವ ಸೌಲಭ್ಯವನ್ನು ಯೂಟ್ಯೂಬ್ ತಂದ ಮೇಲೆ ಡಬ್ ಮಾಡಿದ ಧ್ವನಿಗಳನ್ನು ಮುಖ್ಯ ಚಾನೆಲ್‌ಗೇ ತಂದರು. ಅಡುಗೆ ತೋರಿಸುವ ಕೈ ಬದಲಾಗುವುದಿಲ್ಲ, ದನಿ ಮಾತ್ರ ಬದಲಾಗುತ್ತದೆ ಎಂದಾದರೆ ಹೊಸ ಚಾನೆಲ್ ಏಕೆ? ನಮ್ಮ ಅಡುಗೆಯವರು ಚೆನ್ನಾಗಿ ಓಡಿದ ಹತ್ತು ವಿಡಿಯೊಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆದು, ಶೀರ್ಷಿಕೆಯ ಅನುವಾದ ಸೇರಿಸಲಿ, ಆಮೇಲೆ ಸಾಧ್ಯವಾದರೆ ಇಂಗ್ಲಿಷ್ ಧ್ವನಿ ಸೇರಿಸಲಿ. ಹೊರರಾಜ್ಯದವರಿಗೆಂದೇ ಬೇರೆ ಅಡುಗೆ, ಬೇರೆ ವಿವರಣೆ ಮಾಡತೊಡಗಿದಾಗ ಮಾತ್ರ ಬೇರೆ ಚಾನೆಲ್ ಪ್ರಶ್ನೆ ಏಳುತ್ತದೆ.

ಇನ್ನೊಂದು ಕಾರಣಕ್ಕೂ ಕೆಲವರು ಎರಡನೆಯದನ್ನು ತೆರೆಯುತ್ತಾರೆ: ಸಿನಿಮಾ ಹಾಡು, ಟಿವಿ ತುಣುಕು ಬಳಸುವ ವಿಡಿಯೊಗಳನ್ನು ಅಲ್ಲಿ ಹಾಕಿದರೆ ಮೊದಲನೆಯದು ಸುರಕ್ಷಿತ ಎಂದು. ಇದು ಸುಳ್ಳು ಭರವಸೆ. ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಆ ಖಾತೆ ಮಾತ್ರವಲ್ಲ, ಅದಕ್ಕೆ ಸಂಬಂಧಿಸಿದ ಚಾನೆಲ್‌ಗಳೆಲ್ಲ ಮುಚ್ಚಿಹೋಗಬಹುದು.

ತೆರೆಯುವ ಮೊದಲು

ಹೊಸ ಚಾನೆಲ್‌ಗೆ ಹೆಸರು ಹುಡುಕುವುದಕ್ಕೂ ಲಾಂಛನ ಬರೆಸುವುದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಅದರ ಮೊದಲ ಹನ್ನೆರಡು ವಿಡಿಯೊಗಳ ಶೀರ್ಷಿಕೆಗಳನ್ನು ಹಾಳೆಯ ಮೇಲೆ ಬರೆಯಿರಿ. ಒಂದೊಂದರ ಎದುರೂ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಇದನ್ನು ಈಗಿನ ಚಾನೆಲ್‌ನ ನೋಡುಗರು ನೋಡುತ್ತಾರೆಯೇ? ಇದನ್ನು ನೋಡಿದವರು ಪಟ್ಟಿಯ ಮುಂದಿನದನ್ನೂ ನೋಡುತ್ತಾರೆಯೇ? ಮೊದಲ ಪ್ರಶ್ನೆಗೆ ಹೆಚ್ಚಿನ ಕಡೆ ‘ಹೌದು’ ಎಂದಾದರೆ ಆ ವಿಡಿಯೊಗಳ ಜಾಗ ಹಳೆಯ ಚಾನೆಲ್. ಎರಡಕ್ಕೂ ‘ಇಲ್ಲ’ ಎಂದಾದರೆ ಕೈಯಲ್ಲಿರುವುದು ಬಿಡಿ ವಿಡಿಯೊಗಳಷ್ಟೇ, ಚಾನೆಲ್ ಇನ್ನೂ ಹುಟ್ಟಿಲ್ಲ. ಮೊದಲನೆಯದಕ್ಕೆ ‘ಇಲ್ಲ’, ಎರಡನೆಯದಕ್ಕೆ ‘ಹೌದು’ ಎಂದು ಹನ್ನೆರಡರಲ್ಲಿ ಹತ್ತು ಕಡೆಯಾದರೂ ಬಂದರೆ, ಮತ್ತು ಅವುಗಳನ್ನು ಮಾಡುವ ಕೈಗಳು ಯಾರವು ಎಂಬುದಕ್ಕೆ ಉತ್ತರ ಇದ್ದರೆ, ಎರಡನೇ ಚಾನೆಲ್ ತೆರೆಯಿರಿ. ಹನ್ನೆರಡು ಶೀರ್ಷಿಕೆಗಳೇ ಹೊಳೆಯದಿದ್ದರೆ ಉತ್ತರ ಅಲ್ಲಿಗೇ ಸಿಕ್ಕಿತು: ಆ ವಿಷಯಕ್ಕೆ ಸದ್ಯ ಒಂದು ಪ್ಲೇಲಿಸ್ಟ್ ಸಾಕು.